ರಾಜೀನಾಮೆ ಮತ್ತು ಪ್ರಭಾರ ಹಸ್ತಾಂತರ ಪತ್ರ

ತೀರ್ಥಹಳ್ಳಿ
ದಿನಾಂಕ: 2 ಜೂನ್ 2025, ಸೋಮವಾರ

ಇವರಿಂದ:
ವೀಣಾ ಎಚ್. ಆರ್.
ಸಹಾಯಕ ವ್ಯವಸ್ಥಾಪಕಿ, ತೀರ್ಥಹಳ್ಳಿ ಶಾಖೆ

ಇವರಿಗೆ:
ಪ್ರಾದೇಶಿಕ ವ್ಯವಸ್ಥಾಪಕರು
ಪ್ರಾದೇಶಿಕ ಕಚೇರಿ, ಶಿವಮೊಗ್ಗ

ಮೂಲಕ: ಶಾಖಾ ವ್ಯವಸ್ಥಾಪಕರು, ತೀರ್ಥಹಳ್ಳಿ ಶಾಖೆ

ವಿಷಯ: ರಾಜೀನಾಮೆಯಂತೆ ಸೇವೆಯಿಂದ ಬಿಡುಗಡೆ, ಕೀಲಿಕೈ, ನಗದು, ಬಾಕಿ ಕಡತ ಹಾಗೂ ಸಹಿ ಅಧಿಕಾರದ ಹಸ್ತಾಂತರ

ಮಾನ್ಯರೇ,

ಮಾರ್ಚ್ 3ರಂದು ನಾನು ಸಲ್ಲಿಸಿದ ರಾಜೀನಾಮೆಯನ್ನು ತಾವು ಅಂಗೀಕರಿಸಿದ್ದೀರಿ. ಸೇವಾ ನಿಯಮದ ಮೂರು ತಿಂಗಳ ಮುನ್ಸೂಚನೆ ಇಂದಿಗೆ ಮುಗಿಯುತ್ತದೆ. ಕಾರಣ ಆಗಲೇ ತಿಳಿಸಿರುವಂತೆ ಮನೆಯದು: ತೋಟ ನೋಡಿಕೊಳ್ಳುವವರಿಲ್ಲ, ಎಲೆಚುಕ್ಕೆ ಬಂದ ಮೇಲೆ ಕೂಲಿಯವರಿಗೆ ಬಿಟ್ಟು ಕೂರುವ ಹಾಗೂ ಇಲ್ಲ. ಇಂದು ಕಚೇರಿ ವೇಳೆ ಮುಗಿದ ಮೇಲೆ ನನ್ನನ್ನು ಬಿಡುಗಡೆ ಮಾಡಬೇಕೆಂದು ಕೋರುತ್ತೇನೆ. ಸಾಗರ ಶಾಖೆಯಿಂದ ವರ್ಗವಾಗಿ ಬಂದಿರುವ ಸಹಾಯಕ ವ್ಯವಸ್ಥಾಪಕರು ಮೇ 26ರಿಂದ ನನ್ನ ಜೊತೆಗೇ ಕೂತು ಕೆಲಸ ನೋಡಿಕೊಂಡಿದ್ದಾರೆ. ಪ್ರಭಾರ ಅವರಿಗೇ ಕೊಟ್ಟಿದ್ದೇನೆ.

ಮೊದಲು ಕೀಲಿಕೈ. ಸ್ಟ್ರಾಂಗ್ ರೂಮ್ ಮತ್ತು ಕ್ಯಾಶ್ ಸೇಫ್ ಎರಡಕ್ಕೂ ನನ್ನ ಬಳಿಯಿದ್ದ ಒಂದೊಂದು ಕೀಲಿಕೈ, ಲಾಕರುಗಳ ಮಾಸ್ಟರ್ ಕೀ, ಚೆಕ್ ಪುಸ್ತಕ ಮತ್ತು ಠೇವಣಿ ರಸೀದಿಗಳಿರುವ ಬೀರುವಿನ ಕೀಲಿಕೈ, ಇಷ್ಟನ್ನೂ ಇಂದು ಬೆಳಿಗ್ಗೆ ಕೀಲಿ ರಿಜಿಸ್ಟರಿನಲ್ಲಿ ಇಬ್ಬರೂ ಸಹಿ ಹಾಕಿ ಕೈಬದಲು ಮಾಡಿದ್ದೇವೆ. ಸಂಖ್ಯೆಗಳು ಆ ರಿಜಿಸ್ಟರಿನಲ್ಲೇ ಇರಲಿ, ಪತ್ರದಲ್ಲಿ ಬರೆದು ಊರೂರು ಕಳಿಸುವುದು ಸರಿಯಲ್ಲ. ಜೋಡಿಯ ಇನ್ನೊಂದು ಕೀಲಿಕೈ ಎಂದಿನಂತೆ ಹೆಡ್ ಕ್ಯಾಷಿಯರ್ ಬಳಿ ಇದೆ. ಹೊಸಬರು ರಜೆ ಹಾಕಿದ ದಿನ ಅವರ ಕೀಲಿಕೈ ಮತ್ತೊಬ್ಬ ಅಧಿಕಾರಿಗೆ ಹೋಗಬೇಕು. ಸಿಬ್ಬಂದಿ ಕಡಿಮೆ ಎಂಬ ನೆಪದಲ್ಲಿ ಎರಡೂ ಒಬ್ಬರ ಕೈಗೆ ಸೇರಿದರೆ ಜಂಟಿ ಸುಪರ್ದಿ ಎನ್ನುವುದಕ್ಕೆ ಅರ್ಥವೇ ಇರುವುದಿಲ್ಲ.

ಒಂದು ಕೆಲಸ ಇಲ್ಲಿ ಮುಗಿಯುವಂಥದ್ದಲ್ಲ. ಡೂಪ್ಲಿಕೇಟ್ ಕೀಲಿಕೈಗಳ ಮೊಹರು ಮಾಡಿದ ಲಕೋಟೆ ಶಿವಮೊಗ್ಗದ ಮುಖ್ಯ ಶಾಖೆಯಲ್ಲಿದೆ, ಅದರ ಮೇಲೆ ಅಡ್ಡಲಾಗಿ ನನ್ನ ಸಹಿ ಇದೆ. ಅದನ್ನು ತರಿಸಿ, ಹೊಸಬರ ಸಹಿಯೊಂದಿಗೆ ಮತ್ತೆ ಮೊಹರು ಮಾಡಿ ಕಳಿಸಬೇಕು. ಇದಕ್ಕೆ ಪ್ರಾದೇಶಿಕ ಕಚೇರಿಯಿಂದ ಒಂದು ಸಾಲಿನ ಸೂಚನೆ ಬೇಕಿದೆ.

ನಗದನ್ನು ಮೇ 31ರ ಶನಿವಾರ ವ್ಯವಹಾರ ಮುಗಿದ ಮೇಲೆ ಹೆಡ್ ಕ್ಯಾಷಿಯರ್, ಹೊಸಬರು ಮತ್ತು ನಾನು ಮೂವರೂ ಕೂತು ಎಣಿಸಿದೆವು. ಬಂಡಲಿನ ಚೀಟಿ ನಂಬಿ ಬರೆದದ್ದಲ್ಲ, 500ರ ಪ್ರತಿ ಬಂಡಲನ್ನೂ ಬಿಚ್ಚಿ ಯಂತ್ರಕ್ಕೆ ಹಾಕಿದ್ದೇವೆ. 500ರ ನೋಟು 2,912, 200ರದ್ದು 640, 100ರದ್ದು 1,850, 50ರದ್ದು 620, 20ರದ್ದು 900, 10ರದ್ದು 1,400, ನಾಣ್ಯ ರೂ. 14,370. ಒಟ್ಟು ರೂ. 18,46,370. ಕಂಪ್ಯೂಟರಿನ ಲೆಕ್ಕಕ್ಕೂ ನಗದು ಪುಸ್ತಕಕ್ಕೂ ತಾಳೆಯಾಗಿದೆ, ಶಾಖೆಯ ನಗದು ಮಿತಿಯೊಳಗೇ ಇದೆ. ಇದರಲ್ಲಿ ರೂ. 1,12,000 ಹರಕು, ಮಾಸಲು ನೋಟು. ಮುಂದಿನ ರವಾನೆಯಲ್ಲಿ ಕರೆನ್ಸಿ ಚೆಸ್ಟ್‌ಗೆ ಹೋಗಲಿ, ಮಳೆಗಾಲದ ಥಂಡಿಯಲ್ಲಿ ಇಟ್ಟರೆ ಇನ್ನಷ್ಟು ಹಾಳಾಗುತ್ತವೆ. ಇಂದು ಬೆಳಿಗ್ಗೆ ಸೇಫ್ ತೆರೆದಾಗಲೂ ಮೊತ್ತ ಅಷ್ಟೇ ಇತ್ತು. ಎಟಿಎಂ ನಗದು ಪ್ರತ್ಯೇಕವಾಗಿ ತಾಳೆಯಾಗಿದ್ದು, ನನ್ನ ಪಾಲಿನ ಕಾಂಬಿನೇಷನ್ ಬದಲಾಗಿದೆ. ಹೊಸದು ನನಗೆ ಗೊತ್ತಿಲ್ಲ, ಗೊತ್ತಿರಲೂಬಾರದು.

ಅಡವಿಟ್ಟ ಚಿನ್ನದ ಪೊಟ್ಟಣ 412. ಎಲ್ಲವನ್ನೂ ಎಣಿಸಿ, ಹೊಸಬರೇ ಆರಿಸಿದ 20ನ್ನು ಚಿನ್ನ ಪರೀಕ್ಷಕರ ಎದುರು ಬಿಚ್ಚಿ ತೂಗಿದ್ದೇವೆ, ವ್ಯತ್ಯಾಸವಿಲ್ಲ. ಒಂದು ಪೊಟ್ಟಣದ ಸಾಲ ಮೇ 28ರಂದೇ ತೀರಿದೆ. ಸಾಲಗಾರರು ಮಣಿಪಾಲದಲ್ಲಿ ಆಸ್ಪತ್ರೆಯಲ್ಲಿದ್ದಾರೆ. ಮಗ ಬಂದು ಕೇಳಿದರು, ಅಧಿಕಾರ ಪತ್ರವಿಲ್ಲದೆ ಕೊಡಲಿಲ್ಲ. ಬೇಸರ ಮಾಡಿಕೊಂಡು ಹೋಗಿದ್ದಾರೆ, ಪತ್ರ ತಂದ ದಿನ ಅವರನ್ನು ಸಾಲಿನಲ್ಲಿ ಕಾಯಿಸದೆ ಮುಗಿಸಿಕೊಡಿ.

ಬಾಕಿ ಕಡತಗಳ ಪೂರ್ಣ ಪಟ್ಟಿ ಲಗತ್ತಿಸಿದೆ. ಪಟ್ಟಿಯಲ್ಲಿ ಎಲ್ಲವೂ ಒಂದೇ ಅಳತೆಗೆ ಕಾಣುತ್ತವೆ, ಆದರೆ ಮೂರು ಕಡತಗಳಿಗೆ ದಿನದ ಲೆಕ್ಕವಿದೆ.

ದೊಡ್ಡದು ಮನೆ ಸಾಲದ ಮೂಲಪತ್ರಗಳದ್ದು. ಸೊಪ್ಪುಗುಡ್ಡೆಯ ಗ್ರಾಹಕರ ಸಾಲ ಮೇ 12ರಂದು ಚುಕ್ತಾ ಆಗಿದೆ. ರಿಸರ್ವ್ ಬ್ಯಾಂಕಿನ 2023ರ ಸೂಚನೆಯಂತೆ 30 ದಿನದೊಳಗೆ ಪತ್ರಗಳನ್ನು ಹಿಂದಿರುಗಿಸಬೇಕು. ನಮ್ಮ ಕಾರಣದಿಂದ ತಡವಾದರೆ ದಿನಕ್ಕೆ ರೂ. 5,000 ಪರಿಹಾರ ಕಟ್ಟಬೇಕಾಗುತ್ತದೆ. ಗಡುವು ಜೂನ್ 11. ಪತ್ರಗಳು ಶಿವಮೊಗ್ಗದ ಸಾಲ ಕೇಂದ್ರದಲ್ಲಿವೆ. ಎರಡು ಇಮೇಲ್ ಹೋಗಿವೆ, ಇನ್ನು ಇಮೇಲ್ ಬೇಡ, ಯಾರಾದರೂ ಬಸ್ ಹತ್ತಿ ಹೋಗಿ ತರುವುದೇ ಮೇಲು.

ಎರಡನೆಯದು ಮೃತ ಠೇವಣಿದಾರರ ಖಾತೆ. ನಾಮಿನಿ ಇಲ್ಲ, ಮೊತ್ತ ರೂ. 1,84,000. ಪತ್ನಿಯಿಂದ ಕೊನೆಯ ದಾಖಲೆ ಮೇ 26ರಂದು ಬಂದಿದೆ, 15 ದಿನಕ್ಕೆ ಇತ್ಯರ್ಥವಾಗಬೇಕು. ಎಲ್ಲವೂ ಸರಿಯಿದೆ, ಮಂಜೂರಾತಿ ಸಹಿಯೊಂದೇ ಬಾಕಿ. ಆ ಅಮ್ಮನನ್ನು ಮತ್ತೊಮ್ಮೆ ಶಾಖೆಗೆ ಕರೆಸುವ ಅಗತ್ಯವಿಲ್ಲ.

ಮೂರನೆಯದು ಆಗುಂಬೆ ಹೋಬಳಿಯ ಪವರ್ ಟಿಲ್ಲರ್ ಸಾಲ. ಸಾಲ ಬಾಕಿಯಿದೆ ಎಂದು ಒಪ್ಪಿ ಸಾಲಗಾರರು ಕೊನೆಯದಾಗಿ ಸಹಿ ಹಾಕಿದ್ದು 18 ಜುಲೈ 2022ರಂದು, ಆಮೇಲೆ ಕಂತೂ ಬಂದಿಲ್ಲ. ಮೂರು ವರ್ಷದ ಕಾಲಮಿತಿ ಬರುವ ಜುಲೈಗೆ ತುಂಬುತ್ತದೆ. ಆ ಕಡೆ ಮಳೆ ಹಿಡಿದ ಮೇಲೆ ಮನೆ ತಲುಪುವುದೇ ಕಷ್ಟ, ಈ ವಾರವೇ ಹೋಗಿ ಹೊಸ ಒಪ್ಪಿಗೆ ಪತ್ರಕ್ಕೆ ಸಹಿ ಪಡೆಯಬೇಕು. ಮನುಷ್ಯ ಒಳ್ಳೆಯವರು, ಸಹಿಗೆ ತಕರಾರು ಮಾಡುವುದಿಲ್ಲ.

ಬೆಳೆಸಾಲದ ನವೀಕರಣ 37 ಬಾಕಿ. ಗಡುವಿನೊಳಗೆ ಕಟ್ಟಿದವರಿಗೆ 7% ಬಡ್ಡಿ 4%ಕ್ಕೆ ಇಳಿಯುತ್ತದೆ, ಒಂದು ದಿನ ತಪ್ಪಿದರೂ ಆ 3% ಹೋಯಿತು. ಅಡಿಕೆಗೆ ದರ ಏರಲಿ ಎಂದು ಕಾಯುವವರಿಗೆ ಈ ಲೆಕ್ಕ ಫೋನಿನಲ್ಲೇ ಹೇಳಿ, ಎಸ್ಸೆಮ್ಮೆಸ್ ಯಾರೂ ಓದುವುದಿಲ್ಲ. ಇವರಲ್ಲಿ ಒಂಬತ್ತು ಮಂದಿಯ ಜಮೀನು ಹಿಸ್ಸೆಯಾಗಿದ್ದು, ಪಹಣಿಯ ಸರ್ವೆ ನಂಬರಿಗೂ ನಮ್ಮ ದಾಖಲೆಗೂ ಹೊಂದಿಕೆಯಾಗುತ್ತಿಲ್ಲ. ಬೆಳೆವಿಮೆ ಕಂತು ಕಡಿಯುವ ಮೊದಲು ಇದನ್ನು ಸರಿಪಡಿಸಬೇಕು. ತಪ್ಪು ನಂಬರಿನಲ್ಲಿ ಸಂರಕ್ಷಣೆ ಪೋರ್ಟಲ್‌ಗೆ ಹೋದರೆ ಪರಿಹಾರ ಬರುವ ಹೊತ್ತಿಗೆ ಜಗಳ ಶಾಖೆಯ ಬಾಗಿಲಿಗೆ ಬರುತ್ತದೆ. ನಮ್ಮ ತಂದೆಯವರ ಬೆಳೆಸಾಲವೂ ಇದೇ ಶಾಖೆಯಲ್ಲಿದೆ. ಅದರ ಯಾವ ಕಾಗದಕ್ಕೂ ನಾನು ಸಹಿ ಹಾಕಿಲ್ಲ ಎಂಬುದನ್ನು ದಾಖಲೆಗಾಗಿ ತಿಳಿಸುತ್ತೇನೆ.

ಸಹಿ ಅಧಿಕಾರ ಇಂದು ಸಂಜೆಯಿಂದ ರದ್ದಾಗಬೇಕು. ನನ್ನ ಮಾದರಿ ಸಹಿ ವಾಪಸಾಗಿದೆ ಎಂಬ ಸುತ್ತೋಲೆ ಎಲ್ಲ ಶಾಖೆಗಳಿಗೂ ಹೋಗಲಿ. ಇಂದಿನವರೆಗೆ ನನ್ನ ಸಹಿಯಿಂದ ಹೊರಟ ಡಿಡಿ, ಠೇವಣಿ ರಸೀದಿ, ಪತ್ರಗಳು ಊರ್ಜಿತವಾಗಿಯೇ ಇರುತ್ತವೆ. ಅವುಗಳ ಕೊನೆಯ ಕ್ರಮಸಂಖ್ಯೆಗಳನ್ನು ರಿಜಿಸ್ಟರಿನಲ್ಲಿ ಗೆರೆ ಎಳೆದು ಗುರುತಿಸಿದ್ದೇವೆ. ಕಂಪ್ಯೂಟರಿನ ನನ್ನ ಯೂಸರ್ ಐಡಿ, ನೆಫ್ಟ್ ಮತ್ತು ಆರ್‌ಟಿಜಿಎಸ್ ಅನುಮೋದನೆಯ ಹಕ್ಕನ್ನು ನಿಷ್ಕ್ರಿಯಗೊಳಿಸುವ ಕೋರಿಕೆ ಬೆಳಿಗ್ಗೆಯೇ ಹೋಗಿದೆ. ಪಾಸ್‌ವರ್ಡನ್ನು ಯಾರಿಗೂ ಕೊಟ್ಟಿಲ್ಲ, ಅದು ಹಸ್ತಾಂತರಿಸುವ ವಸ್ತುವಲ್ಲ. ಹೆಸರಿನ ರಬ್ಬರ್ ಮೊಹರನ್ನು ವ್ಯವಸ್ಥಾಪಕರ ಎದುರು ಕತ್ತರಿಸಿ ಹಾಕಿದ್ದೇನೆ.

ನನ್ನ ಸಿಬ್ಬಂದಿ ಗೃಹಸಾಲವನ್ನು ನಾಳೆಯಿಂದ ಸಾರ್ವಜನಿಕರ ಬಡ್ಡಿದರಕ್ಕೆ ಬದಲಾಯಿಸಲು ಒಪ್ಪಿಗೆ ಕೊಟ್ಟಿದ್ದೇನೆ. ಗ್ರಾಚ್ಯುಟಿ ಮತ್ತು ಭವಿಷ್ಯನಿಧಿಯನ್ನು ನನ್ನ ಉಳಿತಾಯ ಖಾತೆಗೇ ಜಮಾ ಮಾಡಿ, ಬಿಡುಗಡೆ ಪತ್ರ ಹಾಗೂ ಸೇವಾ ಪ್ರಮಾಣಪತ್ರ ಕೊಡಿಸಬೇಕು. ಹಳೆಯ ವೋಚರಿನ ವಿಷಯದಲ್ಲಿ ಆಡಿಟಿನವರು ವಿವರಣೆ ಕೇಳಿದರೆ ಬಂದು ಹೇಳುತ್ತೇನೆ, ಮನೆ ತೀರ್ಥಹಳ್ಳಿಯಿಂದ ದೂರವಿಲ್ಲ.

ತಮ್ಮ ವಿಶ್ವಾಸಿ,
(ಸಹಿ)
ವೀಣಾ ಎಚ್. ಆರ್.

ಮೇಲಿನ ಕೀಲಿಕೈ, ನಗದು, ಚಿನ್ನದ ಪೊಟ್ಟಣ ಮತ್ತು ಕಡತಗಳನ್ನು ಎಣಿಸಿ, ನೋಡಿ ವಹಿಸಿಕೊಂಡಿದ್ದೇನೆ.
(ಸಹಿ) ಪ್ರಭಾರ ವಹಿಸಿಕೊಂಡ ಸಹಾಯಕ ವ್ಯವಸ್ಥಾಪಕರು

ನನ್ನ ಸಮಕ್ಷಮದಲ್ಲಿ ನಡೆದಿದೆ. ಶಿಫಾರಸಿನೊಂದಿಗೆ ರವಾನಿಸಿದೆ.
(ಸಹಿ) ಶಾಖಾ ವ್ಯವಸ್ಥಾಪಕರು, ತೀರ್ಥಹಳ್ಳಿ

ಲಗತ್ತು: ಬಾಕಿ ಕಡತಗಳ ಪಟ್ಟಿ, ನಗದು ತಾಳೆ ಪತ್ರ, ಕೀಲಿ ರಿಜಿಸ್ಟರಿನ ಪುಟದ ನಕಲು