ಗದಗಿನ ನಮ್ಮ ಶಾಲೆಯ ಎರಡು ಹೌಸ್‌ಗಳಿಗೆ ಲಾಂಛನ

ಮಾಗಡಿ ಹೌಸ್: ಗುರಾಣಿ ಆಕಾರ. ನಡುವೆ ಮಡಚಿದರೆ ಎಡ-ಬಲ ಸರಿಯಾಗಿ ಕೂಡಬೇಕು. ಒಳಗೆ ಎದುರುಬದುರು ಎರಡು ಪಟ್ಟೆತಲೆ ಬಾತುಗಳು. ಚಳಿಗಾಲಕ್ಕೆ ಮಾಗಡಿ ಕೆರೆಗೆ ಬರುತ್ತವಲ್ಲ, ಅವೇ. ಬಿಳಿ ತಲೆಯ ಮೇಲಿನ ಎರಡು ಕಪ್ಪು ಪಟ್ಟೆ ಎದ್ದು ಕಾಣಲಿ, ಇಲ್ಲದಿದ್ದರೆ ಸುಮ್ನೆ ಯಾವುದೋ ಬಾತು ಅನ್ನಿಸುತ್ತದೆ. ಕೆಳಗೆ ನೀರಿಗೆ ಮೂರು ಅಲೆಗೆರೆ ಸಾಕು. ನೀಲಿ, ಬಿಳಿ, ಕಪ್ಪು ಮಾತ್ರ. ಗರಿ, ನೆರಳು, ಹೊಳಪು ಬೇಡ. ಇದನ್ನು ಜೇಬಿನ ಮೇಲೆ 5 ಸೆಂ.ಮೀ. ಬ್ಯಾಡ್ಜ್ ಮಾಡಿ ದಾರದಲ್ಲಿ ಹೊಲಿಸುವುದಿದೆ.

ಕಪ್ಪತಗುಡ್ಡ ಹೌಸ್: ಅದೇ ಗುರಾಣಿ, ಅದೇ ಅಂಚು. ಒಂದು ಗುಡ್ಡ, ಅದರ ತುದಿಗೆ ಒಂದು ಗಾಳಿಯಂತ್ರ. ಒಂದು ರೆಕ್ಕೆ ನೆಟ್ಟಗೆ ಮೇಲಕ್ಕಿರಲಿ, ವಾಲಿದರೆ ಎಡ-ಬಲ ತಪ್ಪುತ್ತದೆ. ಹಸಿರು, ಬಿಳಿ, ಕಪ್ಪು. ಎರಡರಲ್ಲೂ ಅಕ್ಷರ ಬೇಡ.