ಜೂನ್ ತಿಂಗಳ ನೀರಿನ ಬಿಲ್‌ನಲ್ಲಿ 662.50 ರೂಪಾಯಿ ಜಾಸ್ತಿ ಬಂದಿತ್ತು, ಸರಿ ಮಾಡಿದ್ದೇವೆ

ನಮಸ್ಕಾರ ಮೇಡಂ,

ಮೊದಲು ನಿಮಗೆ ಬೇಕಾದ ಉತ್ತರ. ಜೂನ್ 5ರ ಬಿಲ್ (ಸಂಖ್ಯೆ 20617) ತಪ್ಪಾಗಿತ್ತು. ನೀವು ಹೇಳಿದ್ದೇ ಸರಿ. ನಿಮ್ಮಿಂದ 662.50 ರೂಪಾಯಿ ಜಾಸ್ತಿ ತಗೊಂಡಿದ್ದೇವೆ. ಆ ಹಣ ಇವತ್ತು, ಅಂದರೆ 18ನೇ ತಾರೀಕು ಬೆಳಿಗ್ಗೆ ನಿಮ್ಮ ನೀರಿನ ಖಾತೆಗೆ ಜಮಾ ಆಗಿದೆ. ಅದರ ಜೊತೆ ಇನ್ನೂ 350 ರೂಪಾಯಿ ಜಮಾ ಆಗಿದೆ, ಅದು ಯಾಕೆ ಅಂತ ಮುಂದೆ ಹೇಳುತ್ತೇನೆ. ನಿಮ್ಮ ಮನೆಯಲ್ಲಿ ನೀರು ಎಲ್ಲೂ ಸೋರುತ್ತಿಲ್ಲ. ಮೀಟರ್ ಕೂಡ ಸರಿ ಇದೆ. ಕೆಟ್ಟಿದ್ದು ನಮ್ಮ ಟೈಪಿಂಗ್ ಅಷ್ಟೇ.

ಆಗಿದ್ದು ಇಷ್ಟು. 3ನೇ ತಾರೀಕು ನಮ್ಮ ರೀಡರ್ ನಿಮ್ಮ ಮೀಟರಿನ ಫೋಟೋ ತೆಗೆದಿದ್ದಾರೆ. ಆ ಫೋಟೋ ನಾನು ದೊಡ್ಡದು ಮಾಡಿ ನೋಡಿದೆ. ಗಾಜಿನ ಒಳಗೆ ಮಂಜು ಕಟ್ಟಿದೆ, ಟಾರ್ಚ್ ಬೆಳಕು ಒಂದು ಮೂಲೆಯಲ್ಲಿ ಹೊಳೆಯುತ್ತಿದೆ, ಆದರೂ ಕಪ್ಪು ಅಂಕಿಗಳು ಚೆನ್ನಾಗೇ ಕಾಣುತ್ತವೆ: 01368. ಸಿಸ್ಟಂನಲ್ಲಿ ಎಂಟ್ರಿ ಆಗಿದ್ದು ಮಾತ್ರ 1386. ಆರು, ಎಂಟು ಜಾಗ ಬದಲಾಯಿಸಿಕೊಂಡಿವೆ. ಕಳೆದ ಸಲದ ರೀಡಿಂಗ್ 1342. ಹಾಗಾಗಿ 26 ಯೂನಿಟ್ ಬರಬೇಕಾದ ಕಡೆ 44 ಯೂನಿಟ್ ಬಂತು. (ಒಂದು ಯೂನಿಟ್ ಅಂದರೆ 1,000 ಲೀಟರ್.) ಲೆಕ್ಕ ಬರೆಯುವವರಿಗೆ ಒಂದು ಹಳೇ ಉಪಾಯ ಗೊತ್ತಿರುತ್ತದೆ. ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ಬರುವ ವ್ಯತ್ಯಾಸ ಯಾವಾಗಲೂ 9ರಿಂದ ಸರಿಯಾಗಿ ಭಾಗವಾಗುತ್ತದೆ. ಇಲ್ಲಿನ ವ್ಯತ್ಯಾಸ 18. ಮೊದಲ ದಿನವೇ ಯಾರಾದರೂ ಇದನ್ನ ಗಮನಿಸಿದ್ದರೆ ಇಷ್ಟು ಉದ್ದದ ಪತ್ರ ಬರೆಯುವ ಕೆಲಸವೇ ಇರುತ್ತಿರಲಿಲ್ಲ.

ಇಂಥ ತಪ್ಪು ಹಿಡಿಯೋಕೆ ಸಿಸ್ಟಂನಲ್ಲಿ ಒಂದು ತಡೆ ಇದೆ ನಿಜ. ಆದರೆ ಹಿಂದಿನ ಸರಾಸರಿಯ ಎರಡು ಪಟ್ಟು ದಾಟಿದರೆ ಮಾತ್ರ ಅದು ಬಿಲ್ ನಿಲ್ಲಿಸುತ್ತದೆ. ನಿಮ್ಮ ಸರಾಸರಿ 26, ಅದರ ಎರಡು ಪಟ್ಟು 52. ನಿಮ್ಮದು 44ಕ್ಕೇ ನಿಂತಿದ್ದರಿಂದ ಯಾರ ಕಣ್ಣಿಗೂ ಬೀಳದೆ ಸಲೀಸಾಗಿ ಹೊರಗೆ ಹೋಯಿತು, 10ನೇ ತಾರೀಕು ಆಟೋ ಪೇಯಲ್ಲಿ ಪೂರ್ತಿ 1,118.75 ರೂಪಾಯಿ ಕಟ್ ಕೂಡ ಆಯಿತು.

ತಪ್ಪು ನಮ್ಮದೇ ಅಂತ ಖಚಿತವಾಗಿದ್ದು ನೀವು 14ರಂದು ಕಳಿಸಿದ ಫೋಟೋದಿಂದ. ಅದರಲ್ಲಿ ಮೀಟರ್ 1377 ತೋರಿಸುತ್ತಿದೆ. 3ನೇ ತಾರೀಕು 1386 ಇದ್ದ ಮೀಟರ್ 14ನೇ ತಾರೀಕು 1377ಕ್ಕೆ ಹೇಗೆ ಬರುತ್ತದೆ? ಮೀಟರ್ ಹಿಂದಕ್ಕೆ ಓಡಲ್ಲ ಅಲ್ವಾ. 16ರಂದು ಬೇರೆ ರೀಡರ್ ಒಬ್ಬರನ್ನ ಕಳಿಸಿ ನೋಡಿಸಿದೆವು, ಆಗ 1379 ಇತ್ತು. ಎಲ್ಲಾ ತಾಳೆಯಾಗುತ್ತದೆ.

ಈಗ ದುಡ್ಡಿನ ಲೆಕ್ಕ. ಯೂನಿಟ್ 18 ಜಾಸ್ತಿಯಾದರೆ ಬಿಲ್ ಎರಡು ಪಟ್ಟಿಗಿಂತ ಮೇಲೆ ಯಾಕೆ ಹೋಯಿತು ಅಂತ ನೀವು ಕೇಳಿದ್ದಿರಿ. ನ್ಯಾಯವಾದ ಪ್ರಶ್ನೆ. ಸ್ಲ್ಯಾಬ್ ಇರುವುದರಿಂದ ಹಾಗಾಗುತ್ತದೆ. ಮೊದಲ 10 ಯೂನಿಟ್‌ಗೆ 8 ರೂಪಾಯಿ, ಅಲ್ಲಿಂದ 25ರವರೆಗೆ 12, 25ರಿಂದ 40ರವರೆಗೆ 25, ನಲವತ್ತು ದಾಟಿದ ಮೇಲೆ ಯೂನಿಟ್‌ಗೆ 45. ನೀವು ನಿಜವಾಗಿ ಬಳಸಿದ 26 ಯೂನಿಟ್‌ನಲ್ಲಿ ಒಂದೇ ಒಂದು ಯೂನಿಟ್ 25 ರೂಪಾಯಿ ಸ್ಲ್ಯಾಬಿಗೆ ಬೀಳುತ್ತದೆ. ತಪ್ಪು ಬಿಲ್‌ನಲ್ಲಿ 15 ಯೂನಿಟ್ ಆ ಸ್ಲ್ಯಾಬಲ್ಲೂ, ಇನ್ನು 4 ಯೂನಿಟ್ 45 ರೂಪಾಯಿ ಸ್ಲ್ಯಾಬಲ್ಲೂ ಬಿದ್ದವು. ಅಂದರೆ ನೀವು ಬಳಸದ ನೀರಿಗೇ ಎಲ್ಲಕ್ಕಿಂತ ದುಬಾರಿ ದರ ಬಿತ್ತು.

ಸರಿಯಾದ ಲೆಕ್ಕ ಹೀಗೆ: ನೀರಿಗೆ 80 + 180 + 25 = 285 ರೂಪಾಯಿ. ಒಳಚರಂಡಿ ಶುಲ್ಕ ನೀರಿನ ಮೊತ್ತದ ಶೇಕಡಾ 25, ಅದು 71.25. ತಿಂಗಳ ಬಾಡಿಗೆ 100. ಒಟ್ಟು 456.25. ತಪ್ಪು ಬಿಲ್‌ನಲ್ಲಿ ನೀರಿಗೆ 815, ಒಳಚರಂಡಿಗೆ 203.75, ಬಾಡಿಗೆ ಅದೇ 100, ಒಟ್ಟು 1,118.75. ಎರಡರ ನಡುವಿನ ವ್ಯತ್ಯಾಸ 662.50. ಒಳಚರಂಡಿ ಶುಲ್ಕದಲ್ಲಿ ಜಾಸ್ತಿಯಾಗಿದ್ದ 132.50 ಕೂಡ ಇದರಲ್ಲಿ ಸೇರಿದೆ. ನೀರಿನದಷ್ಟೇ ವಾಪಸ್ ಕೊಟ್ಟು ಅದನ್ನ ಮರೆತುಬಿಡುತ್ತಾರೇನೋ ಅಂತ ನೀವು ಯೋಚಿಸಬೇಕಾಗಿಲ್ಲ.

14ರಂದು ನೀವು ಎರಡನೇ ಸಲ ಫೋನ್ ಮಾಡಿದಾಗ ನಮ್ಮವರು "ಮುಂದಿನ ತಿಂಗಳು ತಾನಾಗೇ ಅಡ್ಜಸ್ಟ್ ಆಗುತ್ತೆ ಬಿಡಿ ಮೇಡಂ" ಅಂದಿದ್ದಾರೆ. ಕಾಲ್ ರೆಕಾರ್ಡಿಂಗ್ ಕೇಳಿದೆ. ನೀವು ಒಪ್ಪಲಿಲ್ಲ, ಒಳ್ಳೆಯದೇ ಮಾಡಿದಿರಿ. ಕೇಳೋಕೆ ಆ ಮಾತು ಸರಿ ಅನ್ನಿಸುತ್ತದೆ: ಈ ಸಲ ಜಾಸ್ತಿ ಬರೆದ 18 ಯೂನಿಟ್ ಮುಂದಿನ ಸಲ ಕಮ್ಮಿ ಬರುತ್ತದೆ, ಅಲ್ಲಿಗೆ ಸರಿಹೋಯಿತು ಅಂತ. ಯೂನಿಟ್ ಸರಿಹೋಗುತ್ತದೆ, ದುಡ್ಡು ಸರಿಹೋಗಲ್ಲ. ಜುಲೈ 3ಕ್ಕೆ ನಿಮ್ಮ ಮೀಟರ್ 1394ಕ್ಕೆ ಬಂತು ಅಂದುಕೊಳ್ಳಿ. 1386 ಹಾಗೇ ಉಳಿದಿದ್ದರೆ ಬರೀ 8 ಯೂನಿಟ್ ಲೆಕ್ಕಕ್ಕೆ ಬಂದು 180 ರೂಪಾಯಿ ಬಿಲ್ ಆಗುತ್ತಿತ್ತು. ಸರಿಯಾಗಿ ಬರಬೇಕಾದ 456.25ಕ್ಕಿಂತ 276.25 ಕಮ್ಮಿ. ಈ ತಿಂಗಳು 662.50 ಕಳೆದುಕೊಂಡು ಮುಂದಿನ ತಿಂಗಳು 276.25 ಉಳಿಸಿದರೆ 386.25 ಸುಮ್ನೆ ಹೋಯಿತು. ದುಬಾರಿ ಸ್ಲ್ಯಾಬಲ್ಲಿ ಕಿತ್ತುಕೊಂಡು ಅಗ್ಗದ ಸ್ಲ್ಯಾಬಲ್ಲಿ ವಾಪಸ್ ಕೊಟ್ಟ ಹಾಗೆ. ಅದಕ್ಕೇ ರೀಡಿಂಗನ್ನೇ 1368 ಅಂತ ತಿದ್ದಿ, ಬಿಲ್ ಹೊಸದಾಗಿ ಮಾಡಿದ್ದೇವೆ. ಹೀಗೆ ಹೇಳಿದವರಿಗೆ ಈ ಲೆಕ್ಕ ಕೂತು ತೋರಿಸಿದ್ದೇನೆ, ಬೇಕಂತ ಹೇಳಿದ್ದಲ್ಲ, ಅವರೂ ಹಾಗೇ ನಂಬಿದ್ದರು.

ಇನ್ನು ಆ 350 ರೂಪಾಯಿ. 11ರಂದು ನೀವು ಮೊದಲ ಸಲ ಫೋನ್ ಮಾಡಿದಾಗ ಫೋಟೋ ತೆಗೆದು ನೋಡದೇ "ಎಲ್ಲೋ ಲೀಕ್ ಇರಬೇಕು, ಪ್ಲಂಬರ್ ಕರೆಸಿ" ಅಂದೆವು. ನೀವು ರಾತ್ರಿ ಎಲ್ಲಾ ನಲ್ಲಿ ಮುಚ್ಚಿ, ಮೀಟರಿನ ಪುಟ್ಟ ಚಕ್ರ ತಿರುಗುತ್ತಾ ಅಂತ ಟಾರ್ಚ್ ಹಿಡಿದು ಕೂತಿದ್ದಿರಂತೆ, ಅದು ಅಲ್ಲಾಡಿರಲಿಲ್ಲ. ನಲ್ಲಿ ಎಲ್ಲಾ ಬಂದ್ ಇದ್ದಾಗ ಆ ಚಕ್ರ ನಿಂತಿದೆ ಅಂದರೆ ಮೀಟರ್ ದಾಟಿ ನೀರು ಹೋಗುತ್ತಿಲ್ಲ ಅಂತಲೇ ಅರ್ಥ. ಅಲ್ಲಿಗೇ ನಮಗೆ ಹೊಳೆಯಬೇಕಿತ್ತು. ಅಷ್ಟಾದರೂ ನಮ್ಮ ಮಾತಿಗೆ ಬೆಲೆ ಕೊಟ್ಟು ಮರುದಿನ ಪ್ಲಂಬರ್ ಕರೆಸಿದಿರಿ, ಅವರು ಫ್ಲಶ್ ಟ್ಯಾಂಕ್ ಎಲ್ಲಾ ಬಿಚ್ಚಿ ನೋಡಿ ಏನೂ ಇಲ್ಲ ಅಂತ ಹೇಳಿ 350 ತಗೊಂಡು ಹೋದರು. ಅದು ನೀರಿನ ಲೆಕ್ಕಕ್ಕೆ ಸೇರಿದ್ದಲ್ಲ, ಸಾಮಾನ್ಯವಾಗಿ ನಾವು ಕೊಡುವುದೂ ಇಲ್ಲ. ಆದರೆ ಇಲ್ಲಿ ಕರೆಸಿ ಅಂದಿದ್ದೇ ನಾವು. ಮ್ಯಾನೇಜರ್ ಒಪ್ಪಿದ್ದಾರೆ. ಅದನ್ನ ಬೇರೆ ಸಾಲಾಗಿ ಹಾಕಿದ್ದೇವೆ, ರಸೀದಿ ಕೇಳಲ್ಲ.

ಒಟ್ಟು ಜಮಾ 1,012.50 ರೂಪಾಯಿ. ಕ್ರೆಡಿಟ್ ನೋಟ್ ಸಂಖ್ಯೆ 0342, ತಿದ್ದಿದ ಬಿಲ್ ಜೊತೆ ಈ ಮೇಲ್‌ಗೆ ಸೇರಿಸಿದ್ದೇನೆ. ಖಾತೆ ತೆರೆದಾಗ ಬಾಕಿ ಅನ್ನುವ ಕಡೆ –1,012.50 ಅಂತ ಕಾಣುತ್ತದೆ. ಆ ಮೈನಸ್ ನೋಡಿ ಗಾಬರಿಯಾಗಬೇಡಿ. ಅದು ನಾವು ನಿಮಗೆ ಕೊಡಬೇಕಾದ ಹಣ. (ಮೈನಸ್ ಕಂಡು ಪಾಪ ಇನ್ನೊಂದು ಸಲ ದುಡ್ಡು ಕಟ್ಟಿದವರೂ ಇದ್ದಾರೆ, ಅದಕ್ಕೇ ಹೇಳಿದೆ.) ಹಳೇ ಬಿಲ್ ಪಟ್ಟಿಯಲ್ಲಿ ಹಾಗೇ ಇರುತ್ತದೆ, ಮೇಲೆ "ರದ್ದು" ಅಂತ ಬರೆದಿರುತ್ತದೆ. ಬಳಕೆಯ ಗ್ರಾಫ್‌ನಲ್ಲಿ ಜೂನ್ ಕಂಬ 44ರಿಂದ 26ಕ್ಕೆ ಇಳಿದಿದೆ. ಸರಾಸರಿ ಕೂಡ ಮೊದಲಿನ ಹಾಗೇ ಆಗಿದೆ. ಇಲ್ಲದಿದ್ದರೆ ಮುಂದೆ ಇಂಥದ್ದೇ ತಪ್ಪಾದಾಗ ಆ ತಡೆ ಇನ್ನೂ ಮಂಕಾಗುತ್ತಿತ್ತು.

ಜುಲೈ ಬಿಲ್ ಈ ಜಮಾದಿಂದಲೇ ಮುರಿದುಕೊಳ್ಳುತ್ತದೆ. ಬಳಕೆ ಎಂದಿನಂತೆ 26 ಯೂನಿಟ್ ಇದ್ದರೆ 456.25 ಹೋಗಿ 556.25 ಉಳಿಯುತ್ತದೆ, ಅದು ಆಗಸ್ಟ್‌ಗೆ ಮುಂದುವರಿಯುತ್ತದೆ. ಜಮಾ ಮುಗಿಯುವ ತನಕ ಆಟೋ ಪೇ ನಿಮ್ಮ ಬ್ಯಾಂಕ್‌ನಿಂದ ಏನೂ ತೆಗೆಯಲ್ಲ. "ಕಟ್ಟಬೇಕಾದ ಮೊತ್ತ 0" ಅಂತ ಒಂದು ಎಸ್ಸೆಮ್ಮೆಸ್ ಬರುತ್ತದೆ ಅಷ್ಟೇ. ಆಟೋ ಪೇ ನಿಲ್ಲಿಸುವ ಅಗತ್ಯ ಇಲ್ಲ. ಆದರೆ ಇದೆಲ್ಲಾ ಆದ ಮೇಲೆ ನಿಲ್ಲಿಸೋಣ ಅನ್ನಿಸಿದರೆ ಅದು ನಿಮ್ಮಿಷ್ಟ, ನಾನು ಬೇಡ ಅನ್ನಲ್ಲ.

ಜಮಾ ಬೇಡ, ದುಡ್ಡು ಬ್ಯಾಂಕಿಗೇ ವಾಪಸ್ ಬೇಕು ಅಂದರೆ ಈ ಮೇಲ್‌ಗೆ "ವಾಪಸ್" ಅಂತ ಒಂದು ಪದ ಬರೆದು ಕಳಿಸಿ, ಸಾಕು. ಹಣ ಕಟ್ ಆಗಿದ್ದ ಅದೇ ಖಾತೆಗೆ 7 ದಿನದೊಳಗೆ ಹಾಕುತ್ತೇವೆ. ಅಕೌಂಟ್ ನಂಬರ್, ಓಟಿಪಿ ಏನೂ ಕೇಳಲ್ಲ. ನಮ್ಮ ಹೆಸರು ಹೇಳಿಕೊಂಡು ಯಾರಾದರೂ ಫೋನಲ್ಲಿ ಅದನ್ನೆಲ್ಲಾ ಕೇಳಿದರೆ ಕಟ್ ಮಾಡಿಬಿಡಿ. ಜುಲೈ 2ರ ಒಳಗೆ ಹೇಳಿದರೆ ಅನುಕೂಲ, ಆಮೇಲೆ ಹೊಸ ಬಿಲ್ ಮಾಡುವ ಕೆಲಸ ಶುರುವಾಗುತ್ತದೆ. ಆಗ ಬಾಕಿ ಉಳಿದಷ್ಟು ಮಾತ್ರ ಕೊಡಲು ಆಗುವುದು.

ಜುಲೈ 3ರ ರೀಡಿಂಗ್‌ಗೆ ನಿಮ್ಮ ಖಾತೆ ಮೇಲೆ ಒಂದು ಗುರುತು ಹಾಕಿದ್ದೇನೆ. ಬಿಲ್ ಹೊರಗೆ ಬರುವ ಮುಂಚೆ ಫೋಟೋ ಮತ್ತು ಎಂಟ್ರಿ ಎರಡನ್ನೂ ನಾನೇ ಪಕ್ಕಪಕ್ಕ ಇಟ್ಟು ನೋಡುತ್ತೇನೆ. ಆ ಬಿಲ್ ಜೊತೆ ಮೀಟರ್ ಫೋಟೋವನ್ನೂ ಕಳಿಸುತ್ತೇನೆ, ನೀವೂ ಒಂದು ಸಲ ಕಣ್ಣಾಡಿಸಿ. ಕಪ್ಪು ಅಂಕಿ ಮಾತ್ರ ಓದಿದರೆ ಸಾಕು. ಕೆಂಪು ಅಂಕಿ ಒಂದು ಯೂನಿಟ್‌ಗಿಂತ ಕಮ್ಮಿ ಇರುವ ಚೂರುಪಾರು, ಬಿಲ್‌ಗೆ ಬರಲ್ಲ.

ಎರಡು ಸಲ ಫೋನ್ ಮಾಡಿಸಿ, ರಾತ್ರಿ ಮೀಟರ್ ಮುಂದೆ ಕೂರಿಸಿ, ಇಲ್ಲದ ಸೋರಿಕೆ ಹುಡುಕಿಸಿದ್ದಕ್ಕೆ ಕ್ಷಮಿಸಿ ಮೇಡಂ. ಲೆಕ್ಕದಲ್ಲಿ ಇನ್ನೂ ಏನಾದರೂ ಹೊಂದುತ್ತಿಲ್ಲ ಅನ್ನಿಸಿದರೆ ಇದಕ್ಕೇ ರಿಪ್ಲೈ ಮಾಡಿ, ನೇರ ನನಗೇ ಬರುತ್ತದೆ.

ಬಿಲ್ಲಿಂಗ್ ವಿಭಾಗದಿಂದ
ಜೂನ್ 18