ತೀರ್ಮಾನ: ಕ್ಯಾಂಟಿಲಿವರ್ ತೊಲೆಯ ಬಾಗು ಸ್ಟ್ರೇನ್, ಅಳತೆ ಮತ್ತು ಸಿದ್ಧಾಂತದ ಹೋಲಿಕೆ

ಅಲ್ಯುಮಿನಿಯಂ ತೊಲೆಯ ತುದಿಗೆ 0.2 ಕಿ.ಗ್ರಾಂನಿಂದ 1.0 ಕಿ.ಗ್ರಾಂವರೆಗೆ ತೂಕ ಏರಿಸಿದಾಗ ಅದಕ್ಕೆ ಅಂಟಿಸಿದ ಸ್ಟ್ರೇನ್ ಗೇಜಿನ ಸೂಚಕವು ಕ್ರಮವಾಗಿ 56, 111, 167, 221 ಮತ್ತು 277 ಮೈಕ್ರೋಸ್ಟ್ರೇನ್ ತೋರಿಸಿತು. ಈ ಬಿಂದುಗಳಿಗೆ ಹೊಂದಿಸಿದ ಸರಳರೇಖೆಯ ಇಳಿಜಾರು ಕಿ.ಗ್ರಾಂಗೆ 276 ಮೈಕ್ರೋಸ್ಟ್ರೇನ್. ಯಾವ ಬಿಂದುವೂ ರೇಖೆಯಿಂದ ಒಂದು ಮೈಕ್ರೋಸ್ಟ್ರೇನ್‌ಗಿಂತ ಹೆಚ್ಚು ದೂರ ಸರಿದಿಲ್ಲ. ಸ್ಟ್ರೇನ್ ಭಾರಕ್ಕೆ ನೇರ ಅನುಪಾತದಲ್ಲಿದೆ ಎಂಬ ಮಾತು ಇಷ್ಟರಿಂದಲೇ ದೃಢಪಟ್ಟಿತು.

ಮೌಲ್ಯದ ವಿಷಯ ಅಷ್ಟು ಸುಲಭವಾಗಿ ಮುಗಿಯುವುದಿಲ್ಲ. ಸೈದ್ಧಾಂತಿಕ ಲೆಕ್ಕಕ್ಕೆ ಬಳಸಿದ ಸೂತ್ರ:

```
ε = 6PL / (E b h²)
```

ಭಾರದ ಬಿಂದುವಿನಿಂದ ಗೇಜಿನ ನಡುವಿಗೆ L = 220 ಮಿ.ಮೀ., ಅಗಲ 25.0 ಮಿ.ಮೀ., ದಪ್ಪ 5.08 ಮಿ.ಮೀ., ಯಂಗ್ ಗುಣಾಂಕ E = 69 ಗಿಗಾಪಾಸ್ಕಲ್, ಬೆಂಗಳೂರಿನ ಗುರುತ್ವ ವೇಗೋತ್ಕರ್ಷ 9.78 ಮೀ/ಸೆ². ಇವುಗಳಿಂದ ಕಿ.ಗ್ರಾಂಗೆ 290 ಮೈಕ್ರೋಸ್ಟ್ರೇನ್ ಬರುತ್ತದೆ. ಅಳತೆ ಇದಕ್ಕಿಂತ ಶೇ. 4.8ರಷ್ಟು ಕಡಿಮೆ. ರೂಢಿಯ 9.81 ಹಾಕಿದ್ದರೆ ಅಂತರ ಇನ್ನೂ ಶೇ. 0.3 ಹಿಗ್ಗುತ್ತಿತ್ತು.

ಎಲ್ಲ ಭಾರಗಳಲ್ಲೂ ಅಳತೆ ಒಂದೇ ದಿಕ್ಕಿಗೆ, ಸರಿಸುಮಾರು ಒಂದೇ ಪ್ರಮಾಣದಲ್ಲಿ ತಗ್ಗಿದೆ. ಯಾದೃಚ್ಛಿಕ ದೋಷ ಹೀಗೆ ವರ್ತಿಸುವುದಿಲ್ಲ. ತೂಕದ ತಟ್ಟೆ ತೂಗಾಡಿ ಕೊನೆಯ ಅಂಕಿ ಒಂದರಷ್ಟು ಕುಣಿಯುತ್ತಿದ್ದುದು, ಇಳಿಕೆಯ ಓದುಗಳು ಏರಿಕೆಯ ಓದುಗಳಿಗಿಂತ ಹೆಚ್ಚೆಂದರೆ 4 ಮೈಕ್ರೋಸ್ಟ್ರೇನ್ ಬೇರೆಯಾದದ್ದು, ತೂಕ ತೆಗೆದ ಮೇಲೆ ಸೊನ್ನೆಗೆ ಬದಲು 2 ಉಳಿದದ್ದು, ಇವೆಲ್ಲ ನಿಜವೇ ಆದರೂ ಇಳಿಜಾರನ್ನು ಶೇ. 5ರಷ್ಟು ಬದಲಿಸಲು ಸಾಲವು. ಮೇಲೊಂದು ಕೆಳಗೊಂದು ಗೇಜಿರುವ ಅರ್ಧ ಬ್ರಿಡ್ಜ್ ಆದ್ದರಿಂದ ಕೋಣೆಯ ತಾಪಮಾನದ ಏರಿಳಿತ ಬಹುಮಟ್ಟಿಗೆ ರದ್ದಾಗುತ್ತದೆ.

ಇಂಥ ವರದಿಗಳಲ್ಲಿ ವ್ಯತ್ಯಾಸ ಬಂದ ಕೂಡಲೇ ಹಿಡಿತ ಸಡಿಲವಾಗಿತ್ತು ಎಂದು ಬರೆಯುವ ವಾಡಿಕೆ ಇದೆ. ಇಲ್ಲಿ ಆ ಕಾರಣ ನಿಲ್ಲುವುದಿಲ್ಲ. ಗೇಜಿನ ಜಾಗದಲ್ಲಿ ಬಾಗು ಘೂರ್ಣ ಭಾರ ಮತ್ತು ದೂರದ ಗುಣಲಬ್ಧ ಮಾತ್ರ. ಹಿಡಿತ ಸ್ವಲ್ಪ ತಿರುಗಿದರೂ ಅದು ಬದಲಾಗದು, ತುದಿಯ ಬಾಗುವಿಕೆಯಷ್ಟೇ ಹೆಚ್ಚುತ್ತದೆ. ಗೇಜು ಹಿಡಿತದಿಂದ 30 ಮಿ.ಮೀ., ಅಂದರೆ ದಪ್ಪದ ಆರು ಪಟ್ಟು ದೂರದಲ್ಲಿರುವುದರಿಂದ ಹಿಡಿತದ ಸ್ಥಳೀಯ ಪರಿಣಾಮವೂ ಅಲ್ಲಿಗೆ ತಲುಪುವುದಿಲ್ಲ.

ಅಳತೆಗಳಲ್ಲಿ ಹೆಚ್ಚು ಜೋಪಾನ ಬೇಡುವುದು ದಪ್ಪ, ಏಕೆಂದರೆ ಅದು ವರ್ಗವಾಗಿ ಬರುತ್ತದೆ. ಪ್ರಯೋಗ ಕೈಪಿಡಿಯ 5.00 ಮಿ.ಮೀ. ನಂಬಿದ್ದರೆ ಸೈದ್ಧಾಂತಿಕ ಮೌಲ್ಯ ಶೇ. 3.2 ಏರಿ ಅಂತರ ಶೇ. 8ರ ಹತ್ತಿರ ಹೋಗುತ್ತಿತ್ತು. ಸ್ಕ್ರೂ ಗೇಜಿನ 0.01 ಮಿ.ಮೀ. ಅನಿಶ್ಚಿತತೆ ಶೇ. 0.4 ತರುತ್ತದೆ. ಗೇಜಿನ ನಡುಬಿಂದು ಗುರುತಿಸುವುದರಲ್ಲಿ 1 ಮಿ.ಮೀ. ತಪ್ಪಿದರೆ ಶೇ. 0.5. 120 ಓಮ್ ಗೇಜಿನ ಜೊತೆ ಸರಣಿಯಲ್ಲಿರುವ ಸುಮಾರು 0.6 ಓಮ್ ತಂತಿ ಓದನ್ನು ಶೇ. 0.5ರಷ್ಟು ತಗ್ಗಿಸುತ್ತದೆ. ಅಂಟು ಮತ್ತು ಗೇಜಿನ ತಳಪದರ ಸೇರಿ 0.05 ಮಿ.ಮೀ. ಎತ್ತರವಿದ್ದರೆ ಓದು ಶೇ. 2 ಹೆಚ್ಚಬೇಕು. ಅದು ಎದುರು ದಿಕ್ಕಿನದು, ಆದ್ದರಿಂದ ನಮ್ಮ ಕೊರತೆಗೆ ವಿವರಣೆಯಾಗುವುದಿಲ್ಲ. ಕೊರತೆಯನ್ನು ಇನ್ನಷ್ಟು ದೊಡ್ಡದಾಗಿಸುತ್ತದೆ.

ಉಳಿದ ಶಂಕೆ ಎರಡು. ಒಂದು, E. ತೊಲೆಯ ಪಟ್ಟಿಯು ಪೀಣ್ಯದ ಕಾರ್ಯಾಗಾರವೊಂದರಿಂದ ಬಂದ ತುಂಡು ಎಂದು ಪ್ರಯೋಗಾಲಯದ ಸಹಾಯಕರು ಹೇಳಿದರು; ಅದರ ಮೇಲೆ ಮಿಶ್ರಲೋಹದ ಗುರುತಿಲ್ಲ. ಅದು ನಾವು 69 ಗಿಗಾಪಾಸ್ಕಲ್ ಹಿಡಿದ 6061 ಆಗಿರದೆ ವಿಮಾನ ಭಾಗಗಳಿಗೆ ಬಳಸುವ 2024 ಆಗಿದ್ದರೆ E ಸುಮಾರು 73 ಗಿಗಾಪಾಸ್ಕಲ್, ಸೈದ್ಧಾಂತಿಕ ಮೌಲ್ಯ 274. ನಮ್ಮ 276ಕ್ಕೆ ಅದು ಬಹಳ ಹತ್ತಿರ. ಎರಡು, ಗೇಜ್ ಫ್ಯಾಕ್ಟರ್. ಮೇಜಿಗೆ ಅಂಟಿಸಿದ ಚೀಟಿಯಲ್ಲಿದ್ದ 2.1 ಅನ್ನು ಸೂಚಕದಲ್ಲಿ ಇಟ್ಟೆವು; ಗೇಜಿನ ಮೂಲ ಪೊಟ್ಟಣ ಸಿಗಲಿಲ್ಲ. ನಿಜವಾದ ಮೌಲ್ಯ 2.0 ಆಗಿದ್ದರೂ ಓದು ಶೇ. 4.8 ಕಡಿಮೆಯೇ ಬರುತ್ತದೆ. ಎರಡೂ ಊಹೆಗಳು ಒಂದೇ ಅಂಕಿಗೆ ಬಂದು ನಿಲ್ಲುವುದರಿಂದ, ಸಂಖ್ಯೆ ಹೊಂದಿತೆಂದು ಒಂದನ್ನು ಆರಿಸಿಕೊಳ್ಳುವುದು ಸರಿಯಲ್ಲ. ಹೀಗಾಗಿ ಈ ವರದಿಯ ಕೋಷ್ಟಕದಲ್ಲಿ 69 ಗಿಗಾಪಾಸ್ಕಲ್ ಅನ್ನೇ ಉಳಿಸಿದ್ದೇವೆ.

ಇವನ್ನು ಬೇರ್ಪಡಿಸಲು ತುದಿಯಲ್ಲಿ ಡಯಲ್ ಗೇಜ್ ಇಟ್ಟು ಬಾಗುವಿಕೆ ಅಳೆಯಬೇಕು. ಅದರಲ್ಲಿ E ಪಾಲುಗೊಳ್ಳುತ್ತದೆ, ಗೇಜ್ ಫ್ಯಾಕ್ಟರ್ ಇಲ್ಲ. ಹಿಡಿತದಿಂದ 250 ಮಿ.ಮೀ. ದೂರದ ತುದಿಯಲ್ಲಿ 1 ಕಿ.ಗ್ರಾಂಗೆ 69ರ ಲೆಕ್ಕದಲ್ಲಿ ಸುಮಾರು 2.70 ಮಿ.ಮೀ., 73ರ ಲೆಕ್ಕದಲ್ಲಿ 2.55 ಮಿ.ಮೀ. ಬರಬೇಕು, 0.01 ಮಿ.ಮೀ. ಡಯಲ್ ಗೇಜಿಗೆ ಈ ಅಂತರ ಸುಲಭ. ಸಡಿಲ ಹಿಡಿತ ಬಾಗುವಿಕೆಯನ್ನು ಹೆಚ್ಚಿಸಬಲ್ಲದೇ ಹೊರತು ತಗ್ಗಿಸಲಾರದು. ಆದ್ದರಿಂದ 2.55ರ ಆಸುಪಾಸಿನ ಓದು ಸಿಕ್ಕರೆ E ಹೆಚ್ಚೆಂಬುದು ಖಚಿತ, 2.70 ಸಿಕ್ಕರೆ ಮೊದಲು ಹಿಡಿತವನ್ನು ಪರೀಕ್ಷಿಸಿ, ಆಮೇಲೆ ಗೇಜ್ ಫ್ಯಾಕ್ಟರ್ ಮೇಲೆ ಅನುಮಾನ ಪಡಬೇಕು.